ಚಪ್ಪಟೆ ಪಾದಕ್ಕೆ ಮೆತ್ತನೆಯ ಶೂ ಸಾಕಾ?

ಪೊಲೀಸ್ ಭರ್ತಿಗೆ ತಯಾರಾಗುವ ಹುಡುಗರು ಕಲಬುರಗಿಯ ನಮ್ಮ ಫಿಸಿಯೋಥೆರಪಿ ಕ್ಲಿನಿಕ್‌ಗೆ ಕಾಲುನೋವು ಅಂತ ಬರುತ್ತಲೇ ಇರುತ್ತಾರೆ. ಕಾನ್‌ಸ್ಟೆಬಲ್ ಹುದ್ದೆಗೆ 1600 ಮೀಟರ್ ಓಡಬೇಕಲ್ಲ, ಬೆಳಗಾದರೆ ಸ್ಟೇಡಿಯಂನಲ್ಲಿ ಸುತ್ತು ಹಾಕುತ್ತಾರೆ. ಹೆಚ್ಚಿನವರದು ಒಂದೇ ಮಾತು: "ಸರ್, ನಂದು ಫ್ಲಾಟ್ ಫುಟ್ ಅದರೀ, ಅದಕ್ಕೇ ಭಾಳ ಮೆತ್ತಗಿನ ಶೂ ತಗೊಂಡೀನಿ."

ಮೆತ್ತಗಿರುವುದು ಬೇರೆ, ಆಧಾರ ಕೊಡುವುದು ಬೇರೆ. ಇದನ್ನೇ ನಾನು ದಿನವೂ ಹೇಳುವುದು. ಕುಶನ್ ಶೂನ ಅಡಿಯ ಫೋಮ್ ಒಳಬದಿ, ಹೊರಬದಿ ಎರಡೂ ಕಡೆ ಒಂದೇ ಹದದಲ್ಲಿರುತ್ತದೆ. ಚಪ್ಪಟೆ ಪಾದದವರಲ್ಲಿ ಹಲವರಿಗೆ ಓಡುವಾಗ ಪಾದ ಒಳಕ್ಕೆ ಜಾಸ್ತಿ ವಾಲುತ್ತದೆ, ಭಾರ ಒಳಬದಿಗೇ ಬೀಳುತ್ತದೆ. ಅಲ್ಲಿ ಫೋಮ್ ತೀರಾ ಮೆತ್ತಗಿದ್ದರೆ ಆ ಬದಿ ಇನ್ನಷ್ಟು ಕುಸಿಯುತ್ತದೆ, ಪಾದವೂ ಇನ್ನಷ್ಟು ವಾಲುತ್ತದೆ. ಸ್ಟೆಬಿಲಿಟಿ ಶೂನಲ್ಲಿ ಒಳಬದಿಗೆ ಗಟ್ಟಿ ಫೋಮ್ ಇರುತ್ತದೆ, ಇಲ್ಲವೇ ಹಿಮ್ಮಡಿಯ ಎರಡೂ ಪಕ್ಕ ಎತ್ತರದ ಅಂಚು ಇರುತ್ತದೆ. ಅದು ವಾಲುವುದನ್ನು ಸ್ವಲ್ಪ ತಡೆಯುತ್ತದೆ ಅಷ್ಟೇ. ಅಂಗಾಲಿನ ನಡುವೆ ಇಲ್ಲದ ಕಮಾನನ್ನು ಹುಟ್ಟಿಸುವುದಿಲ್ಲ.

ಈಚೆಗೆ ಬಂದ ಒಬ್ಬ ಹುಡುಗನಿಗೆ ಮೊಣಕಾಲ ಕೆಳಗಿನ ಮೂಳೆಯ ಒಳಅಂಚಿನುದ್ದಕ್ಕೂ ನೋವು. ಅವನ ಹಳೆಯ ಶೂಗಳನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿದೆ. ಎರಡೂ ಒಳಕ್ಕೆ ವಾಲಿದ್ದವು. ತುದಿಗಾಲಲ್ಲಿ ನಿಲ್ಲು ಅಂದೆ. ನಿಂತ ಕೂಡಲೇ ಪಾದದ ಕಮಾನು ಎದ್ದು ಕಾಣಿಸಿತು. ಅಂದರೆ ಪಾದ ಬಿಗಿದುಕೊಂಡಿಲ್ಲ, ಬಾಗುತ್ತದೆ. ಇಂಥ ಪಾದಕ್ಕೆ ಸ್ಟೆಬಿಲಿಟಿ ಶೂ ಹಾಕಿ ನೋಡಬಹುದು. ಅವನಿಗೆ ಅದನ್ನೇ ಹೇಳಿದೆ. ಜೊತೆಗೆ ಓಟದ ದೂರ ಇಳಿಸಿ, ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತುವ ವ್ಯಾಯಾಮ ಕೊಟ್ಟೆ. ಕೆಲವು ವಾರಗಳಲ್ಲಿ ನೋವು ಇಳಿಯಿತು. ಆದರೆ ಶೂನಿಂದಲೇ ಇಳಿಯಿತು ಅಂತ ನಾನು ಹೇಳಲಾರೆ.

ಪಾದ ಚಪ್ಪಟೆ ಇದ್ದವರೆಲ್ಲ ಸ್ಟೆಬಿಲಿಟಿ ಶೂಗೆ ಓಡಬೇಕಿಲ್ಲ. ಅಮೆರಿಕದ ಸೈನ್ಯದಲ್ಲಿ ಹೊಸಬರಿಗೆ ಪಾದದ ಆಕಾರ ನೋಡಿ ಶೂ ಹಂಚಿ ನೋಡಿದರು. ಗಾಯಗಳೇನೂ ಅಷ್ಟಾಗಿ ಕಡಿಮೆಯಾಗಲಿಲ್ಲ. ಹಾಗಾಗಿ ಒದ್ದೆ ಪಾದ ನೆಲದ ಮೇಲೆ ಮೂಡಿಸುವ ಅಚ್ಚಿನ ಆಕಾರವೊಂದನ್ನೇ ನಂಬಿ ದುಡ್ಡು ಸುರಿಯಬೇಡಿ. ಕುಶನ್ ಶೂನಲ್ಲಿ ನೋವಿಲ್ಲದೆ ಓಡುತ್ತಿದ್ದೀರಾ? ಅದನ್ನೇ ಮುಂದುವರಿಸಿ, ಸುಮ್ನೆ ಬದಲಿಸಬೇಡಿ.

ಅಂಗಡಿಗೆ ಸಂಜೆ ಹೋಗಿ. ನಮ್ಮ ಬಿಸಿಲಿಗೆ ಅಷ್ಟೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ, ಅಳತೆ ಸರಿಯಾಗಿ ಸಿಗುತ್ತದೆ. ಹಿಮ್ಮಡಿಯ ಕೆಳಗಿನ ಫೋಮನ್ನು ಒಳಬದಿ, ಹೊರಬದಿ ಎರಡೂ ಕಡೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಹಿಮ್ಮಡಿ ಹಿಡಿಯುವ ಹಿಂಭಾಗವನ್ನು ಹಿಚುಕಿದರೆ ಅದು ಮಡಚಿಕೊಳ್ಳಬಾರದು. ಎರಡು ಬಗೆಯ ಶೂಗಳನ್ನೂ ಹಾಕಿ ಅಲ್ಲೇ ನಾಲ್ಕು ಹೆಜ್ಜೆ ಓಡಿ. ಕಮಾನಿನ ಕೆಳಗೆ ಏನಾದರೂ ಚುಚ್ಚಿದಂತಾದರೆ ಆ ಶೂ ಬೇಡ, "ಹಾಕ್ತಾ ಹಾಕ್ತಾ ಸರಿಹೋಗ್ತದ" ಅಂತ ಅಂಗಡಿಯವರು ಹೇಳಿದರೂ ಬೇಡ.

ತುದಿಗಾಲಲ್ಲಿ ನಿಂತರೂ ಕಮಾನು ಏಳದಿದ್ದರೆ, ಇಲ್ಲವೇ ದೊಡ್ಡವರಾದ ಮೇಲೆ ಒಂದೇ ಪಾದ ಹೊಸದಾಗಿ ಚಪ್ಪಟೆಯಾಗುತ್ತಿದ್ದರೆ, ಶೂ ಅಂಗಡಿಗಿಂತ ಮೊದಲು ಮೂಳೆ ಡಾಕ್ಟರ ಹತ್ತಿರ ಹೋಗಿ.