ಲೋಟ ಒತ್ತಿದರೂ ಮಾಯವಾಗದ ಚುಕ್ಕೆ

ಸಂಜೆ ಆರೂವರೆಯ ಹೊತ್ತಿಗೆ ಫೋನ್ ಬಂತು. ಐದು ವರ್ಷದ ಮಗ, ಬೆಳಿಗ್ಗೆ ಹತ್ತಕ್ಕೆ ಜ್ವರ ಶುರು, ಮಧ್ಯಾಹ್ನದಿಂದ ಎರಡು ಸಲ ವಾಂತಿ. ಚಡ್ಡಿ ಬದಲಿಸುವಾಗ ಸೊಂಟದ ಹತ್ತಿರ ನಾಲ್ಕು ಚುಕ್ಕೆ ಕಂಡಿವೆ. ಅಜ್ಜಿ ಸೊಳ್ಳೆ ಕಚ್ಚಿದ್ದು ಅಂದರಂತೆ, ಪಕ್ಕದ ಮನೆಯವರು ಅಮ್ಮ ಏಳ್ತಿರಬೇಕು ಅಂದರಂತೆ. "ಕೆರ್ಕೋತಾನಾ?" ಅಂತ ಕೇಳಿದೆ. "ಇಲ್ಲ ಮೇಡಂ, ಕಾಲು ನೋವು ಅಂತ ಅಳ್ತಾನೆ." "ಬೆರಳಾಡಿಸಿ ನೋಡಿ, ಉಬ್ಬಿದೆಯಾ?" "ಇಲ್ಲ, ಪೆನ್ನಲ್ಲಿ ಚುಕ್ಕೆ ಇಟ್ಟ ಹಾಗಿದೆ." ಗಾಜಿನ ಲೋಟ ತನ್ನಿ ಅಂದರೆ ಮನೆಯಲ್ಲಿ ಇದ್ದದ್ದೆಲ್ಲ ಸ್ಟೀಲಿನದು. ಕೊನೆಗೆ ಅಕ್ಕನ ಜಾಮಿಟ್ರಿ ಬಾಕ್ಸಿನಿಂದ ಪಾರದರ್ಶಕ ಸ್ಕೇಲ್ ತೆಗೆಸಿ, ಚುಕ್ಕೆಯ ಮೇಲೆ ಗಟ್ಟಿಯಾಗಿ ಒತ್ತಿ, ಒತ್ತಿಕೊಂಡೇ ಅದರ ಮೂಲಕ ನೋಡಿ ಅಂದೆ.

"ಸುತ್ತ ಬೆಳ್ಳಗಾಯ್ತು ಮೇಡಂ. ಚುಕ್ಕೆ ಹಾಗೇ ಇದೆ."

ನನ್ನ ಕ್ಲಿನಿಕ್ಕಿಗೆ ಬರಬೇಡಿ, ಸೀದಾ ದೊಡ್ಡಾಸ್ಪತ್ರೆಗೆ ಹೊರಡಿ ಅಂದೆ.

ಆ ಸ್ಕೇಲು ಹೇಳಿದ್ದು ಒಂದೇ ಒಂದು ಮಾತು: ಅಲ್ಲಿರುವ ರಕ್ತ ನಾಳದ ಒಳಗಿಲ್ಲ, ಹೊರಗಿದೆ. ತೋಟದಲ್ಲಿ ನೀರಿನ ಪೈಪು ತುಳಿದರೆ ಒಳಗಿನ ನೀರು ಅತ್ತಿತ್ತ ಸರಿಯುತ್ತದೆ, ಕಾಲು ತೆಗೆದರೆ ಮತ್ತೆ ತುಂಬುತ್ತದೆ. ಆದರೆ ಪೈಪಿನಿಂದ ಸೋರಿ ಮಣ್ಣಿಗಿಳಿದ ನೀರನ್ನು ಎಷ್ಟು ತುಳಿದರೂ ಒಳಗೆ ತಳ್ಳಲಾಗದು. ದಡಾರ, ಪಿತ್ತದ ಗಂಧೆ, ಬೆವರುಸಾಲೆ, ಔಷಧಿ ಒಗ್ಗದೆ ಏಳುವ ದದ್ದು, ಇವುಗಳ ಕೆಂಪು ಬಹುತೇಕ ಹಿಗ್ಗಿದ ರಕ್ತನಾಳಗಳ ಕೆಂಪು. ಒತ್ತಿದರೆ ನಾಳ ಬರಿದಾಗಿ ಬಣ್ಣ ಹೋಗುತ್ತದೆ. ಸೋರಿದ ರಕ್ತದ ಚುಕ್ಕೆ ಹೋಗುವುದಿಲ್ಲ. ರಾಗಿಕಾಳಿನಷ್ಟು ಸಣ್ಣದಿದ್ದರೆ ನಾವು ಪೆಟೀಕಿಯೆ ಎನ್ನುತ್ತೇವೆ, ತೊಗರಿಬೇಳೆಯಷ್ಟೋ ಅದಕ್ಕಿಂತ ದೊಡ್ಡದೋ ಆದರೆ ಪರ್ಪುರ. ಮೊದಲು ಕೆಂಪಗಿದ್ದು ಆಮೇಲೆ ನೇರಳೆ, ಕಂದು ಬಣ್ಣಕ್ಕೆ ತಿರುಗುತ್ತವೆ. ಸಾಮಾನ್ಯವಾಗಿ ತುರಿಸುವುದಿಲ್ಲ. ಸಣ್ಣವು ಬೆರಳಿಗೆ ಸಿಗುವುದೂ ಇಲ್ಲ.

ಪರೀಕ್ಷೆ ಸುಲಭ, ಆದರೂ ಕೈತಪ್ಪುವುದುಂಟು. ಹೆಚ್ಚಿನವರು ಲೋಟ ಒತ್ತಿ, ಎತ್ತಿದ ಮೇಲೆ ನೋಡುತ್ತಾರೆ. ಅಷ್ಟರಲ್ಲಿ ಮಾಮೂಲಿ ದದ್ದಿಗೂ ರಕ್ತ ಮರಳಿರುತ್ತದೆ. ಒತ್ತಿಕೊಂಡಿರುವಾಗಲೇ ಗಾಜಿನ ಮೂಲಕ ನೋಡಬೇಕು. ಇನ್ನು ಕೆಲವರು ಮಗುವಿಗೆ ನೋವಾದೀತೆಂದು ಮೆಲ್ಲಗೆ ತಾಗಿಸುತ್ತಾರೆ. ಆಗ ಸಾಧಾರಣ ದದ್ದೂ ಮಾಯವಾಗದೆ ಸುಮ್ಮನೆ ಗಾಬರಿ. ಸುತ್ತಲಿನ ಚರ್ಮದ ಬಣ್ಣ ಇಳಿಯುವಷ್ಟು ಒತ್ತಬೇಕು. ಹೋಟೆಲಿನ ಗೀರುಗೀರಿನ ಟೀ ಗ್ಲಾಸು ಆಗದು, ನಯವಾದ ಗಾಜೇ ಬೇಕು. ಲೋಟದ ಬದಿಯನ್ನು ತೋಳು ಅಥವಾ ತೊಡೆಯ ಮೇಲೆ ಒತ್ತಿ. ಏನೂ ಸಿಗದಿದ್ದರೆ ಎರಡು ಬೆರಳಿನಿಂದ ಚುಕ್ಕೆಯ ಎರಡೂ ಬದಿ ಚರ್ಮವನ್ನು ಎಳೆದು ಹಿಡಿಯಿರಿ, ಅದೂ ಹೆಚ್ಚುಕಮ್ಮಿ ಅದೇ ಕೆಲಸ ಮಾಡುತ್ತದೆ. ಒಂದೇ ಚುಕ್ಕೆ ನೋಡಿ ಬಿಡಬೇಡಿ, ಅತಿ ಕಪ್ಪಾಗಿ ಕಾಣುವುದನ್ನೂ ಪರೀಕ್ಷಿಸಿ. ಸೊಳ್ಳೆ, ತಿಗಣೆ ಕಚ್ಚಿದ ಜಾಗದ ನಟ್ಟನಡುವೆ ಸೂಜಿಮೊನೆಯಷ್ಟು ರಕ್ತ ನಿಂತಿರಬಹುದು. ಅಲ್ಲಿ ಸುತ್ತಲ ಕೆಂಪು ಹೋಗಿ ನಡುವಿನ ಬಿಂದು ಮಾತ್ರ ಉಳಿಯುತ್ತದೆ, ತುರಿಕೆಯೂ ಇರುತ್ತದೆ.

ನಮ್ಮ ಮೈಬಣ್ಣದ ವಿಷಯವನ್ನು ಒತ್ತಿ ಹೇಳಲೇಬೇಕು. ಪುಸ್ತಕಗಳ ಚಿತ್ರಗಳಲ್ಲಿ ಬಿಳಿ ಚರ್ಮದ ಮೇಲೆ ನೇರಳೆ ಚುಕ್ಕೆ ಎದ್ದು ಕಾಣುತ್ತದೆ. ಎಣ್ಣೆಗಪ್ಪು ಮಗುವಿನ ಬೆನ್ನಿನಲ್ಲಿ ಅದು ಕಪ್ಪು ನೆರಳಿನಂತೆ ಕಂಡರೆ ಹೆಚ್ಚು, ಎಷ್ಟೋ ಸಲ ಕಾಣುವುದೇ ಇಲ್ಲ. ಅಂಗೈ, ಅಂಗಾಲು, ಹೊಟ್ಟೆ, ಕೆಳರೆಪ್ಪೆಯ ಒಳಭಾಗ, ಬಾಯಿಯ ಮೇಲಂಗಳ, ಈ ತಿಳಿಬಣ್ಣದ ಜಾಗಗಳನ್ನು ಮೊಬೈಲ್ ಟಾರ್ಚಿನಲ್ಲಿ ನೋಡಿ. ಬಟ್ಟೆ ಪೂರ್ತಿ ಬಿಚ್ಚಿಯೇ ನೋಡಬೇಕು. ಆ ಹುಡುಗನ ಚುಕ್ಕೆಗಳು ಕಂಡಿದ್ದೂ ಚಡ್ಡಿಯ ಇಲಾಸ್ಟಿಕ್ಕಿನ ಕೆಳಗೆ.

ಅವನ ವಿಷಯಕ್ಕೆ ಬರುತ್ತೇನೆ. ಹೊರಡುವ ಮೊದಲು ತಾಯಿ ಚುಕ್ಕೆಗಳ ಸುತ್ತ ಬಾಲ್‌ಪೆನ್ನಿನಲ್ಲಿ ಗೆರೆ ಎಳೆದಿದ್ದರು. ಅರ್ಧ ನಿಮಿಷದ ಕೆಲಸ ಅದು, ಅದಕ್ಕಾಗಿ ಹೊರಡುವುದು ತಡವಾಗಬಾರದು. ಆಸ್ಪತ್ರೆ ಮುಟ್ಟಲು ಐವತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಗೆರೆಯ ಆಚೆ ಹೊಸ ಚುಕ್ಕೆಗಳು, ಮೊಣಕಾಲಿನ ಕೆಳಗೆ ಬೇಳೆಯಷ್ಟು ದೊಡ್ಡ ಎರಡು ಕಲೆ. ತಲೆ ಸುಡುತ್ತಿತ್ತು, ಪಾದ ಮಾತ್ರ ತಣ್ಣಗಿತ್ತು. ನಾನು ಮೊದಲೇ ಫೋನ್ ಮಾಡಿದ್ದರಿಂದ ಡ್ಯೂಟಿ ಡಾಕ್ಟರು ಕಾದಿದ್ದರು. ರೋಗಾಣು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ರಕ್ತ ತೆಗೆದು, ವರದಿಗೆ ಕಾಯದೆ ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯೋಟಿಕ್ಕನ್ನು ನೇರ ರಕ್ತನಾಳಕ್ಕೆ ಕೊಟ್ಟರು, ಸಲೈನ್ ಹರಿಸಿದರು. ಎರಡು ದಿನದ ಮೇಲೆ ಕಲ್ಚರಿನಲ್ಲಿ, ರಕ್ತಕ್ಕೂ ಮಿದುಳಿನ ಪೊರೆಗೂ ಸೋಂಕು ತರುವ ಮೆನಿಂಗೋಕಾಕಸ್ ಬ್ಯಾಕ್ಟೀರಿಯಾ ಬೆಳೆಯಿತು. ಮನೆಯವರಿಗೆಲ್ಲ ಮುನ್ನೆಚ್ಚರಿಕೆಯ ಮಾತ್ರೆ ಕೊಟ್ಟರು. ಹುಡುಗ ಉಳಿದ. ಈ ಕಾಯಿಲೆಯಲ್ಲಿ ಬೆಳಿಗ್ಗೆ ಆಡುತ್ತಿದ್ದ ಮಗು ರಾತ್ರಿಗೆ ಕೈತಪ್ಪುವುದನ್ನು ಕಂಡವಳು ನಾನು. ಆದ್ದರಿಂದಲೇ ಗಂಟೆಗಳ ಲೆಕ್ಕದಲ್ಲಿ ಮಾತಾಡುತ್ತೇನೆ.

ಅವನಲ್ಲಿ ನನ್ನನ್ನು ಎಚ್ಚರಿಸಿದ್ದು ಚುಕ್ಕೆಯೊಂದೇ ಅಲ್ಲ. ಜ್ವರ ಬಂದು ಒಂಬತ್ತು ಗಂಟೆಯೂ ಆಗಿರಲಿಲ್ಲ. ಮೊದಲ ದಿನವೇ, ಅದೂ ಸೊಂಟದ ಕೆಳಗೆ, ಮಾಯವಾಗದ ಚುಕ್ಕೆ ಬಂದರೆ ಈ ಬ್ಯಾಕ್ಟೀರಿಯಾ ಅಂತಲೇ ನಡೆದುಕೊಳ್ಳಬೇಕು, ಅಲ್ಲ ಅನ್ನುವುದು ಆಮೇಲೆ ಗೊತ್ತಾದರೆ ಸಂತೋಷ. ಬ್ರಿಟನ್ನಿನಲ್ಲಿ ಲೋಟದ ಪರೀಕ್ಷೆಯನ್ನು ತಂದೆತಾಯಂದಿರಿಗೆ ಹೇಳಿಕೊಡುವುದು ಮುಖ್ಯವಾಗಿ ಈ ರೋಗಕ್ಕಾಗಿಯೇ. ಅಲ್ಲಿ 2015ರಿಂದ ಶಿಶುಗಳಿಗೆ ಇದರ ಬಿ ಗುಂಪಿನ ವಿರುದ್ಧ ಸರ್ಕಾರವೇ ಲಸಿಕೆ ಹಾಕಿಸುತ್ತಿದೆ. ಅಲ್ಲಿರುವ ಕನ್ನಡಿಗರು ಇಂಥ ಚುಕ್ಕೆ ಕಂಡರೆ 999ಕ್ಕೆ ಕರೆ ಮಾಡಬೇಕು, ಅಥವಾ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು. ನಮ್ಮಲ್ಲಿ 108.

ಆದರೆ ಕರ್ನಾಟಕದ ಮಳೆಗಾಲದಲ್ಲಿ ನನ್ನ ಕ್ಲಿನಿಕ್ಕಿಗೆ ಬರುವ ಇಂಥ ಚುಕ್ಕೆಗಳ ಹಿಂದೆ ಹೆಚ್ಚಾಗಿ ಇರುವುದು ಡೆಂಗ್ಯೂ. ಅದರ ನಡಿಗೆಯೇ ಬೇರೆ.

ಅದೇ ತಿಂಗಳು ಹನ್ನೊಂದರ ಹುಡುಗಿಯೊಬ್ಬಳು ಬಂದಳು. ಜ್ವರದ ಎರಡನೇ ದಿನ ಅವಳ ಮುಖ, ಕುತ್ತಿಗೆ, ಎದೆಯೆಲ್ಲ ಕೆಂಪಾಗಿತ್ತಂತೆ. ಅಂಗೈ ಒತ್ತಿ ತೆಗೆದರೆ ಬೆರಳಚ್ಚು ಬೆಳ್ಳಗೆ ಮೂಡುತ್ತಿತ್ತು. ತಾಯಿ ಲೋಟ ಒತ್ತಿ ನೋಡಿದ್ದರು, ಕೆಂಪು ಮಾಯವಾಗಿತ್ತು. ಸರಿ, ಭಯವಿಲ್ಲ ಅಂದುಕೊಂಡರು. ಐದನೇ ದಿನ ಜ್ವರ ಬಿಟ್ಟಿತು, ಮನೆಯಲ್ಲಿ ನೆಮ್ಮದಿ. ಅವತ್ತೇ ಸಂಜೆ ಮುಂದೋಳಿನಲ್ಲಿ ರಾಗಿಕಾಳಿನಂಥ ಚುಕ್ಕೆಗಳು. "ಅವತ್ತು ಲೋಟದಲ್ಲಿ ನೋಡಿದ್ವಲ್ಲ ಮೇಡಂ, ಅದೇ ಅಲ್ವಾ?" ಅಂತ ಕೇಳಿದರು. ಅದಲ್ಲ. ಎರಡನೇ ದಿನದ್ದು ಹಿಗ್ಗಿದ ನಾಳಗಳ ಕೆಂಪು, ಐದನೇ ದಿನದ್ದು ಸೋರಿದ ರಕ್ತ. ಲೋಟದ ಉತ್ತರ ಆ ಗಳಿಗೆಗೆ, ಆ ಚುಕ್ಕೆಗೆ ಮಾತ್ರ. ಮಗುವಿಗೆ ಹುಷಾರಿಲ್ಲ ಅನ್ನಿಸುವಷ್ಟು ಕಾಲವೂ ಹೊಸ ಚುಕ್ಕೆಯನ್ನು ಹೊಸದಾಗಿಯೇ ನೋಡಬೇಕು.

ಡೆಂಗ್ಯೂ ಇರುವ ಮನೆಯವರು ಪ್ಲೇಟ್ಲೆಟ್ ಎಷ್ಟು ಅಂತಲೇ ಕೇಳುತ್ತಾರೆ. ಅದು ಇಳಿದಾಗ ಚುಕ್ಕೆ ಬರುವುದು ನಿಜ. ಆದರೆ ಹೆಚ್ಚಿನ ಮಕ್ಕಳನ್ನು ಅಪಾಯಕ್ಕೆ ದೂಡುವುದು ರಕ್ತಸ್ರಾವಕ್ಕಿಂತ, ರಕ್ತದ ನೀರಿನಂಶ ನಾಳಗಳಿಂದ ಹೊಟ್ಟೆಗೆ, ಎದೆಗೂಡಿಗೆ ಸೋರಿಹೋಗುವುದು. ಇದು ಜ್ವರ ಇಳಿಯುವ ಹೊತ್ತಿಗೆ, ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ ಶುರುವಾಗಿ, ಒಂದೆರಡು ದಿನ ನಡೆಯುತ್ತದೆ. ಆ ಹುಡುಗಿಗೆ ಹೊಟ್ಟೆನೋವಿತ್ತು, ಮಧ್ಯಾಹ್ನದಿಂದ ಮೂತ್ರ ಹೋಗಿರಲಿಲ್ಲ, ಕೈ ತಣ್ಣಗಿತ್ತು. ಬೆರಳ ತುದಿಯನ್ನು ಐದು ಸೆಕೆಂಡ್ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು, ಅವಳಲ್ಲಿ ನಾಲ್ಕಾಯಿತು. ರಕ್ತದಲ್ಲಿ ಪ್ಲೇಟ್ಲೆಟ್ ಇಳಿದಿತ್ತು, ಹಿಮಟೋಕ್ರಿಟ್ ಏರಿತ್ತು, ಅಂದರೆ ನೀರು ಹೋಗಿ ರಕ್ತ ಗಟ್ಟಿಯಾಗುತ್ತಿತ್ತು. ಅಳತೆ ಮಾಡಿ ಸಲೈನ್ ಕೊಟ್ಟರು, ಎರಡು ದಿನದಲ್ಲಿ ತಿರುಗಿಕೊಂಡಳು. ಪ್ಲೇಟ್ಲೆಟ್ ಹಾಕಬೇಕಾಗಲಿಲ್ಲ. ಚೇತರಿಸುವಾಗ ಕಾಲುಗಳು ಕೆಂಪಾಗಿ ನಡುನಡುವೆ ಬಿಳಿ ದುಂಡು ಉಳಿದು ತುರಿಸತೊಡಗಿದವು. ಡೆಂಗ್ಯೂ ಇಳಿಯುವಾಗಿನ ಈ ಕೆಂಪಿನಲ್ಲಿ ಒತ್ತಿದರೂ ಹೋಗದ ಚುಕ್ಕೆಗಳಿರಬಹುದು. ಆದರೆ ಅವಳು ಊಟ ಕೇಳುತ್ತಿದ್ದಳು, ಮೂತ್ರ ಚೆನ್ನಾಗಿ ಹೋಗುತ್ತಿತ್ತು, ಕೈ ಬೆಚ್ಚಗಿತ್ತು. ನೋಡಿದ ವೈದ್ಯರು ಆ ಚುಕ್ಕೆಗೆ ಹೆದರಲಿಲ್ಲ.

ಅದಕ್ಕೇ ಚುಕ್ಕೆ ಎಂದರೆ ಜ್ವರ ಎಷ್ಟನೇ ದಿನ ಅಂತ ನಾನು ಮೊದಲು ಕೇಳುತ್ತೇನೆ. ಆಮೇಲೆ, ಎಲ್ಲಿ ಬಂದಿದೆ ಅಂತ. ಜೋರು ಕೆಮ್ಮು, ವಾಂತಿಯ ರಭಸಕ್ಕೆ ಕಣ್ಣಿನ ಸುತ್ತ, ಕುತ್ತಿಗೆಯ ಮೇಲೆ ಒಂದಿಷ್ಟು ಚುಕ್ಕೆ ಬರುವುದುಂಟು, ಎದೆಯಿಂದ ಕೆಳಗಿಳಿಯುವುದಿಲ್ಲ, ಹೆಚ್ಚುವುದೂ ಇಲ್ಲ. ತೋಟ, ಕಾಡಿಗೆ ಹೋಗಿಬಂದವರಲ್ಲಿ ಮೂರ್ನಾಲ್ಕನೇ ದಿನ ಅಂಗೈ ಅಂಗಾಲಿಗೂ ಹರಡಿದ್ದರೆ ಉಣ್ಣೆಹುಳ ಕಚ್ಚಿ ಬರುವ ರಿಕೆಟ್ಸಿಯಾ ಜ್ವರ ನೆನಪಾಗಬೇಕು, ಅದಕ್ಕೆ ಡಾಕ್ಸಿಸೈಕ್ಲಿನ್ ಇದೆ. ಆದರೆ ಈ ವಿಂಗಡಣೆ ನಮ್ಮ ಕೆಲಸ. ಜ್ವರದ ಜೊತೆ ಮಾಯವಾಗದ ಚುಕ್ಕೆ ಕಂಡರೆ ಕೆಮ್ಮಿದ್ದಕ್ಕಿರಬೇಕು ಎಂದು ಮನೆಯಲ್ಲೇ ತೀರ್ಮಾನಿಸಿ ಬೆಳಗಾಗಲಿ ಎಂದು ಕಾಯಬೇಡಿ.

ಒತ್ತಿದರೆ ಮಾಯವಾಯಿತು, ಇನ್ನು ಭಯವಿಲ್ಲ ಅಂದುಕೊಳ್ಳುವ ತಪ್ಪು ನನಗೆ ಇನ್ನೂ ಹೆಚ್ಚು ಭಯ ಹುಟ್ಟಿಸುತ್ತದೆ. ಮೆನಿಂಗೋಕಾಕಸ್ ರೋಗದ ಚುಕ್ಕೆ ಕೆಲವರಲ್ಲಿ ಮೊದಲ ಕೆಲವು ಗಂಟೆ ಮಾಮೂಲಿ ದದ್ದಿನಂತೆಯೇ ಒತ್ತಿದರೆ ಮಾಯವಾಗುತ್ತದೆ, ಕೆಲವರಲ್ಲಿ ಚುಕ್ಕೆಯೇ ಬರುವುದಿಲ್ಲ. ಮಗು ಎಬ್ಬಿಸಿದರೂ ಸರಿಯಾಗಿ ಏಳುತ್ತಿಲ್ಲ, ಉಸಿರು ವೇಗವಾಗಿದೆ, ಜ್ವರದಲ್ಲೂ ಕೈಕಾಲು ತಣ್ಣಗಿದೆ, ಕಾಲು ಮುಟ್ಟಿದರೆ ಕಿರುಚುತ್ತದೆ, ಕುತ್ತಿಗೆ ಬಗ್ಗಿಸಲು ಆಗುತ್ತಿಲ್ಲ ಅನ್ನಿಸಿದರೆ ಲೋಟ ಹುಡುಕುತ್ತಾ ನಿಲ್ಲಬೇಡಿ. ಚುಕ್ಕೆ ಇರಲಿ, ಇಲ್ಲದಿರಲಿ, ಹೊರಡಿ.

ಹೊರಡುವ ಮುನ್ನ ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಬೇರೇನೂ ಬೇಡ. ಐಬುಪ್ರೊಫೇನ್, ಮೆಫೆನಮಿಕ್ ಆಸಿಡ್, ಆಸ್ಪಿರಿನ್ ಡೆಂಗ್ಯೂ ಇದ್ದರೆ ರಕ್ತಸ್ರಾವ ಹೆಚ್ಚಿಸಬಹುದು. ಜ್ವರ ಇಳಿಸಲು ಸೊಂಟಕ್ಕೆ ಇಂಜೆಕ್ಷನ್ ಹಾಕಿಸುವುದೂ ಬೇಡ, ಪ್ಲೇಟ್ಲೆಟ್ ಇಳಿದಿದ್ದರೆ ಆ ಸ್ನಾಯುವಿನಲ್ಲಿ ರಕ್ತ ಗಡ್ಡೆಕಟ್ಟಬಹುದು. ಆಸ್ಪತ್ರೆಯ ಬಾಗಿಲಲ್ಲಿ ಬರೀ ಜ್ವರ ಅಂದರೆ ಸಾಲಿನಲ್ಲಿ ಕೂರಿಸಿಯಾರು. ಆ ತಾಯಿಗೆ ನಾನು ಫೋನಿನಲ್ಲೇ ಎರಡು ಸಲ ಹೇಳಿಸಿದ್ದ ಮಾತು ಇದು: "ಇವತ್ತು ಬೆಳಿಗ್ಗೆ ಹತ್ತಕ್ಕೆ ಜ್ವರ ಶುರು. ಆರು ಗಂಟೆಗೆ ಚುಕ್ಕೆ ಕಂಡ್ವಿ. ಒತ್ತಿದ್ರೂ ಹೋಗ್ತಿಲ್ಲ, ಹೆಚ್ಚಾಗ್ತಿದೆ. ಈಗಲೇ ನೋಡಿ."