ಸತುವನ್ನು ಮಡಕೆಯೊಳಗೆ ಕೂಡಿಹಾಕಿ ತಲೆಕೆಳಗಾಗಿ ಕಾಯಿಸಿದ್ದೇಕೆ?

ಓದುಗರ ಪ್ರಶ್ನೆ: ರಾಜಸ್ಥಾನದ ಜಾವರ್‌ನಲ್ಲಿ ಮಣ್ಣಿನ ಮೂಸೆಗಳಲ್ಲಿ ಸತು ತೆಗೆಯುತ್ತಿದ್ದರಂತೆ. ತಾಮ್ರ, ಕಬ್ಬಿಣಗಳ ಹಾಗೆ ಅದಿರು, ಇದ್ದಿಲು ಎರಡನ್ನೂ ಕುಲುಮೆಗೆ ಸುರಿದು ಊದಿದ್ದರೆ ಆಗುತ್ತಿರಲಿಲ್ಲವೇ? ಮಡಕೆ ಮುಚ್ಚುವ ಇಷ್ಟೆಲ್ಲ ಉಪದ್ವ್ಯಾಪ ಯಾಕೆ?

ಹಾಗೆ ಸುರಿದು ಊದಿದ್ದರೆ ಸತು ಸಿಗುತ್ತಿರಲಿಲ್ಲ, ಬಿಳಿ ಹೊಗೆ ಸಿಗುತ್ತಿತ್ತು.

ಸತುವಿನ ಆಕ್ಸೈಡಿನಿಂದ ಆಮ್ಲಜನಕವನ್ನು ಇದ್ದಿಲು ಕಿತ್ತುಕೊಳ್ಳಬೇಕಾದರೆ ಸುಮಾರು 1000 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆದರೆ ಸತು 907 ಡಿಗ್ರಿಗೇ ಕುದಿದು ಆವಿಯಾಗಿಬಿಡುತ್ತದೆ. ಅಂದರೆ ಅದು ಅದಿರಿನಿಂದ ಬಿಡುಗಡೆಯಾಗುವುದೇ ಆವಿಯ ರೂಪದಲ್ಲಿ. ತಾಮ್ರದ ಹಾಗೆ ಕುಲುಮೆಯ ತಳದಲ್ಲಿ ಕರಗಿ ನಿಲ್ಲುವ ಮಾತೇ ಇಲ್ಲ. ಆ ಆವಿಗೆ ಗಾಳಿ ತಾಗಿತೋ, ಮತ್ತೆ ಆಕ್ಸೈಡ್ ಆಗಿ ಬಿಳಿ ಪುಡಿಯಾಗಿ ಹಾರಿಹೋಗುತ್ತದೆ. ಇದ್ದಿಲು ಸಾಲದೆ ಒಳಗೆ ಇಂಗಾಲದ ಡೈ ಆಕ್ಸೈಡ್ ಹೆಚ್ಚಾದರೂ ಆವಿ ತಣಿಯುವಾಗ ಗತಿ ಅದೇ.

ಹಿತ್ತಾಳೆ ಹೇಗೆ ಅಷ್ಟು ಹಿಂದಿನಿಂದಲೂ ಇತ್ತು ಎಂದು ಕೇಳಬಹುದು. ಅದಕ್ಕೆ ಸತುವಿನ ಲೋಹ ಕೈಗೆ ಸಿಗಬೇಕಾಗಿರಲಿಲ್ಲ. ತಾಮ್ರದ ಚೂರು, ಸತುವಿನ ಅದಿರು, ಇದ್ದಿಲು ಮೂರನ್ನೂ ಮುಚ್ಚಿದ ಮೂಸೆಯಲ್ಲಿ ಕಾಯಿಸಿದರೆ ತಾಮ್ರವೇ ಆವಿಯನ್ನು ಹೀರಿಕೊಳ್ಳುತ್ತದೆ. ನಮ್ಮ ಬೀದರಿನ ಬಿದ್ರಿ ಪಾತ್ರೆಯ ಕಥೆ ಬೇರೆ. ಅದರಲ್ಲಿ ತಾಮ್ರ ತೀರ ಕಡಿಮೆ, ಮಿಕ್ಕಿದ್ದೆಲ್ಲ ಹೆಚ್ಚುಕಡಿಮೆ ಸತುವೇ. ಅಂಥದ್ದಕ್ಕೆ ಸತುವಿನ ಗಟ್ಟಿಯೇ ಬೇಕು.

ಉದಯಪುರದ ಬಳಿಯ ಜಾವರ್‌ನವರು ಆವಿಯನ್ನು ಹಿಡಿದದ್ದು ಹೀಗೆ. ಗಣಿಯಿಂದ ಬಂದ ಗಂಧಕಯುಕ್ತ ಅದಿರನ್ನು ಮೊದಲು ಹುರಿದು ಗಂಧಕ ಬಿಡಿಸಬೇಕು. ಅದಕ್ಕೆ ಇದ್ದಿಲಿನ ಪುಡಿ ಮತ್ತಿತರ ಸಾಮಗ್ರಿ ಸೇರಿಸಿ ಸಣ್ಣ ಉಂಡೆ ಕಟ್ಟಿ, ಬದನೆಕಾಯಿ ಆಕಾರದ ಮೂಸೆಗೆ ತುಂಬುತ್ತಿದ್ದರು. ಮೂಸೆಯ ಉದ್ದ ಸುಮಾರು ಒಂದು ಗೇಣು. ಅದರ ಬಾಯಿಗೆ ಮಣ್ಣಿನ ಕೊಳವೆ ಕೂಡಿಸಿ ಸಂದಿಗೆ ಮಣ್ಣು ಮೆತ್ತುತ್ತಿದ್ದರು. ರಸವಿದ್ಯೆಯ ಸಂಸ್ಕೃತ ಗ್ರಂಥ ‘ರಸರತ್ನಸಮುಚ್ಚಯ’ದಲ್ಲೂ ಇದರ ವರ್ಣನೆ ಇದೆ: ಬದನೆಯಂಥ ಮೂಸೆ, ಹನ್ನೆರಡು ಅಂಗುಲದ ನಾಳ, ಉಮ್ಮತ್ತಿ ಹೂವಿನಂತೆ ಅರಳಿದ ತುದಿ. ಜಾವರ್‌ನ ಉತ್ಖನನದಲ್ಲಿ ಸಿಕ್ಕ ಮೂಸೆಗಳನ್ನು ನೋಡಿದರೆ, ಅದನ್ನು ಬರೆದವರು ಇಂಥ ಭಟ್ಟಿಯ ಕೆಲಸ ಬಲ್ಲವರು ಅನ್ನಿಸುತ್ತದೆ.

ಇನ್ನು ಜಾಣತನದ ಭಾಗ. ಮೂಸೆಯನ್ನು ಬಾಯಿ ಕೆಳಗೆ ಮಾಡಿ ಇಡುತ್ತಿದ್ದರು. ಕುಲುಮೆಗೆ ಎರಡು ಅಂಕಣ, ನಡುವೆ ತೂತುಗಳಿರುವ ಮಣ್ಣಿನ ಹಲಗೆ. ಮೇಲಿನ ಅಂಕಣದಲ್ಲಿ ಬೆಂಕಿ ಮತ್ತು ಮೂಸೆಗಳು. ಒಂದು ಕುಲುಮೆಗೆ ಸಾಲಿಗೆ ಆರರಂತೆ ಆರು ಸಾಲು, 36 ಮೂಸೆ. ಕೊಳವೆಗಳು ತೂತಿನ ಮೂಲಕ ತಂಪಾದ ಕೆಳ ಅಂಕಣಕ್ಕೆ ಇಳಿದಿರುತ್ತಿದ್ದವು. ಹಲಗೆಯ ಸಣ್ಣ ತೂತುಗಳಿಂದ ಬೂದಿ ಉದುರುತ್ತಿತ್ತು. ಇಂಥ ಏಳು ಕುಲುಮೆಗಳ ಸಾಲೇ ಅಲ್ಲಿ ಸಿಕ್ಕಿದೆ, ಅಂದರೆ ಒಟ್ಟಿಗೆ 252 ಮೂಸೆ. ಸಾರಾಯಿಯನ್ನು ಭಟ್ಟಿ ಇಳಿಸುವುದು ಎನ್ನುತ್ತೇವಲ್ಲ, ಇಲ್ಲಿ ನಿಜಕ್ಕೂ ಇಳಿಸುವುದೇ: ಆವಿ ಮೇಲೇರದೆ ಕೊಳವೆಯಲ್ಲಿ ಕೆಳಗಿಳಿದು, ತಣಿದು, ಕೆಳಗಿಟ್ಟ ಪಾತ್ರೆಗೆ ಹನಿಯುತ್ತಿತ್ತು.

ಮೂಸೆ ತಲೆಕೆಳಗಾದರೆ ಒಳಗಿನ ಉಂಡೆಗಳು ಜಾರಿ ಬೀಳುವುದಿಲ್ಲವೇ? ಅದಕ್ಕೆಂದೇ ಕೊಳವೆಯೊಳಗಿಂದ ಒಂದು ಕಡ್ಡಿ ತೂರಿಸುತ್ತಿದ್ದರು. ಶಾಖಕ್ಕೆ ಉಂಡೆಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗುವ ತನಕ ಅದು ತಡೆ. ಆಮೇಲೆ ಕಡ್ಡಿ ಸುಟ್ಟುಹೋಗಿ ಅದು ಇದ್ದ ಜಾಗದಲ್ಲಿ ತೂತು ಉಳಿಯುತ್ತಿತ್ತು, ಆವಿ ಹೊರಬರಲು ಅದೇ ದಾರಿ. ಬಳಸಿ ಬಿಸಾಡಿದ ಮೂಸೆಗಳನ್ನು ಒಡೆದಾಗ ಒಳಗಿನ ಗಟ್ಟಿಯಲ್ಲಿ ಈ ತೂತು ಇವತ್ತಿಗೂ ಕಾಣುತ್ತದೆ. ನನ್ನ ಕೇಳಿದರೆ ಇಡೀ ಏರ್ಪಾಟಿನಲ್ಲಿ ಅತಿ ಚೆಂದದ ಉಪಾಯ ಈ ಕಡ್ಡಿಯದೇ.

ಎಡವಟ್ಟಿಗೂ ದಾರಿ ಹಲವು. ಮೂಸೆ ಬಿರುಕು ಬಿಟ್ಟರೆ ಸತು ಬೆಂಕಿಯ ಪಾಲು. ಕೆಳಗಿನ ಅಂಕಣ ವಿಪರೀತ ಬಿಸಿಯಾದರೆ ಆವಿ ತಣಿಯದೆ ಹೊರಟುಹೋಗುತ್ತದೆ. 419 ಡಿಗ್ರಿಗಿಂತ ತಣ್ಣಗಾದರೆ ಸತು ಕೊಳವೆಯಲ್ಲೇ ಹೆಪ್ಪುಗಟ್ಟಿ ಬಾಯಿ ಕಟ್ಟುತ್ತದೆ. ಸುಮಾರು 500 ಡಿಗ್ರಿಯ ಆಸುಪಾಸು ಕಾಯ್ದುಕೊಳ್ಳಬೇಕು, ಅದೂ ಉಷ್ಣಮಾಪಕವಿಲ್ಲದೆ. ಕಣ್ಣಿಗೆ ಕಾಣುವ ಗುರುತು ಜ್ವಾಲೆಯದು. ಮೊದಲು ಇಂಗಾಲದ ಮೊನಾಕ್ಸೈಡ್ ಉರಿಯುವಾಗ ನೀಲಿ, ಸತುವಿನ ಆವಿ ಬರತೊಡಗಿದಾಗ ಬಿಳಿ. ಜ್ವಾಲೆ ನೀಲಿಯಿಂದ ಬಿಳಿಗೆ ತಿರುಗುವುದನ್ನು ಆ ಗ್ರಂಥವೂ ಹೇಳುತ್ತದೆ.

ಇಷ್ಟು ಮಾಡಿ ಒಂದು ಮೂಸೆಯಿಂದ ಸಿಗುತ್ತಿದ್ದದ್ದು ಕೆಲವು ನೂರು ಗ್ರಾಂ ಸತು. ಆದರೂ ಹದಿಮೂರನೇ ಶತಮಾನದ ಹೊತ್ತಿಗೆ ಅಲ್ಲಿ ಇದು ದೊಡ್ಡ ಉದ್ಯಮವಾಗಿತ್ತು. ಯುರೋಪಿನಲ್ಲಿ ವಿಲಿಯಂ ಚಾಂಪಿಯನ್ ಬ್ರಿಸ್ಟಲ್‌ನಲ್ಲಿ ಸತು ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1738ರಲ್ಲಿ, ಅವನದೂ ಆವಿಯನ್ನು ಕೆಳಕ್ಕಿಳಿಸುವ ವಿಧಾನವೇ.

ಒಮ್ಮೆ ಕಾದ ಮೂಸೆ ಹೊರಗೆ ಗಾಜಿನಂತಾಗಿ, ಒಳಗೆ ಗಟ್ಟಿಕಟ್ಟಿ, ಮತ್ತೆ ಉಪಯೋಗಕ್ಕೆ ಬರುತ್ತಿರಲಿಲ್ಲ. ಹಾಗಾಗಿ ಜಾವರ್‌ನಲ್ಲಿ ಅವುಗಳ ಗುಡ್ಡೆಗಳೇ ಬಿದ್ದಿವೆ. ಇಟ್ಟಿಗೆಯ ಬದಲು ಅವನ್ನೇ ಪೇರಿಸಿ ಕಟ್ಟಿದ ಮನೆಗೋಡೆಗಳೂ ಅಲ್ಲಿವೆ.