ಮಡಕೆಯ ನೀರು ತಣ್ಣಗಾಗುವುದೇಕೆ: ಎರಡು ಅಂಕ ಯಾವುದಕ್ಕೆ?

ಒಂಬತ್ತನೇ ತರಗತಿಗೆ ವಿಜ್ಞಾನ ಕಲಿಸಿದವರಿಗೆಲ್ಲ ಈ ಪ್ರಶ್ನೆ ಗೊತ್ತು. ‘ಬೇಸಿಗೆಯಲ್ಲಿ ಮಣ್ಣಿನ ಮಡಕೆಯಲ್ಲಿಟ್ಟ ನೀರು ತಣ್ಣಗಾಗುತ್ತದೆ. ಏಕೆ?’ ಎರಡು ಅಂಕ. ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ದ್ರವ್ಯದ ಪಾಠದಲ್ಲಿ ಬರುತ್ತದೆ, ಗೈಡಿನಲ್ಲಿ ಸಿದ್ಧ ಉತ್ತರವೂ ಇರುತ್ತದೆ. ‘ಏಕೆ’ ಎಂದು ಕೇಳಿರುವುದರಿಂದ ನಾವು ಮಕ್ಕಳ ತರ್ಕವನ್ನು ಅಳೆಯುತ್ತಿದ್ದೇವೆ ಅಂದುಕೊಳ್ಳುತ್ತೇವೆ. ಆದರೆ ಮೌಲ್ಯಮಾಪನಕ್ಕೆ ಕೂತಾಗ ನಮ್ಮ ಕೆಂಪು ಪೆನ್ನು ಹುಡುಕುವುದು ಬೇರೆಯೇ. ‘ರಂಧ್ರ’ ಸಿಕ್ಕಿತು, ಅರ್ಧ. ‘ಆವಿಯಾಗುವಿಕೆ’ ಸಿಕ್ಕಿತು, ಇನ್ನರ್ಧ. ‘ಗುಪ್ತೋಷ್ಣ’ ಅಂತ ಬರೆದಿದ್ದರಂತೂ ಪೂರ್ತಿ ಎರಡು.

ಎರಡು ಉತ್ತರ ನೋಡಿ. ತರಗತಿಯಲ್ಲಿ ಸಾಮಾನ್ಯವಾಗಿ ಕಾಣುವ ಬಗೆಯವನ್ನೇ ಇಲ್ಲಿ ಬರೆದಿದ್ದೇನೆ.

ಮೊದಲನೆಯದು: ‘ಮಡಕೆಯು ಸೂಕ್ಷ್ಮ ರಂಧ್ರಗಳನ್ನು ಹೊಂದಿದೆ. ಆವಿಯಾಗುವಿಕೆಯು ತಂಪನ್ನು ಉಂಟುಮಾಡುತ್ತದೆ. ಇದರಲ್ಲಿ ಗುಪ್ತೋಷ್ಣ ಹೀರಲ್ಪಡುತ್ತದೆ.’

ಎರಡನೆಯದು: ‘ಮಡಕೆ ಹೊರಗೆ ಒದ್ದೆ ಇರುತ್ತೆ. ಆ ನೀರು ಆರಿ ಹೋಗಕ್ಕೆ ಬಿಸಿ ಬೇಕು. ಅದನ್ನ ಮಡಕೆಯಿಂದ, ಒಳಗಿರೋ ನೀರಿಂದ ತಗೊಳುತ್ತೆ. ಬಿಸಿ ಹೋಗಿದ್ದಕ್ಕೆ ಒಳಗಿನ ನೀರು ತಣ್ಣಗಾಗುತ್ತೆ.’

ಸಾಮಾನ್ಯ ಸ್ಕೀಮ್ ಹಿಡಿದರೆ ಮೊದಲನೆಯದಕ್ಕೆ ಎರಡು, ಎರಡನೆಯದಕ್ಕೆ ಒಂದು ಅಥವಾ ಒಂದೂವರೆ. ನನ್ನ ಲೆಕ್ಕದಲ್ಲಿ ಇದು ತಿರುಗಮುರುಗ. ಮೊದಲ ಉತ್ತರದ ಮೂರು ವಾಕ್ಯಗಳ ಕ್ರಮ ಬದಲಿಸಿ ಓದಿ. ಗುಪ್ತೋಷ್ಣದಿಂದ ಶುರು ಮಾಡಿ ರಂಧ್ರದಲ್ಲಿ ಮುಗಿಸಿ. ಏನೂ ಕೆಡುವುದಿಲ್ಲ. ಎರಡನೆಯದರಲ್ಲಿ ಹಾಗೆ ಮಾಡಲು ಹೋದರೆ ಉತ್ತರವೇ ಬಿದ್ದುಹೋಗುತ್ತದೆ, ಏಕೆಂದರೆ ಪ್ರತಿ ವಾಕ್ಯವೂ ಹಿಂದಿನದರ ಮೇಲೆ ನಿಂತಿದೆ. ಪಟ್ಟಿ ಯಾವುದು, ವಿವರಣೆ ಯಾವುದು ಎಂದು ಬೇಗ ತಿಳಿಯಲು ನಾನು ಬಳಸುವ ಪರೀಕ್ಷೆ ಇದೇ. ಶಿಕ್ಷಣ ಸಂಶೋಧಕರಾದ ಬಿಗ್ಸ್ ಮತ್ತು ಕಾಲಿಸ್ 1982ರಲ್ಲಿ ಉತ್ತರಗಳನ್ನು ಹಂತಗಳಾಗಿ ವಿಂಗಡಿಸಿದಾಗ, ಹಲವು ಸಂಗತಿಗಳನ್ನು ಬಿಡಿಬಿಡಿಯಾಗಿ ಹೇಳುವುದನ್ನು ಒಂದು ಹಂತದಲ್ಲಿ, ಅವುಗಳನ್ನು ಒಂದಕ್ಕೊಂದು ಜೋಡಿಸುವುದನ್ನು ಅದಕ್ಕಿಂತ ಮೇಲಿನ ಹಂತದಲ್ಲಿ ಇಟ್ಟರು. ನಮ್ಮ ಎರಡು ಉತ್ತರಗಳ ನಡುವೆ ಇರುವುದು ಅದೇ ವ್ಯತ್ಯಾಸ.

ಹಾಗಾದರೆ ಅಂಕ ಯಾವುದಕ್ಕೆ ಕೊಡಬೇಕು? ಕೊಂಡಿಗಳಿಗೆ. ಅಂದರೆ ಸ್ಕೀಮ್ ಬರೆಯುವ ಮೊದಲು ಶಿಕ್ಷಕರು ಕಾರಣಗಳ ಸರಪಳಿಯನ್ನು ಒಮ್ಮೆ ಪೂರ್ತಿ ಬರೆದುಕೊಳ್ಳಬೇಕು. ಮಡಕೆಯ ಗೋಡೆಯ ಸಣ್ಣ ರಂಧ್ರಗಳಿಂದ ನೀರು ಜಿನುಗಿ ಹೊರಮೈಗೆ ಬರುತ್ತದೆ. ಅಲ್ಲಿ ಗಾಳಿಗೆ ಒಡ್ಡಿಕೊಂಡು ಆವಿಯಾಗುತ್ತದೆ. ಆವಿಯಾಗಲು ಶಾಖ ಬೇಕು. ಆ ಶಾಖದ ಬಹುಪಾಲು ಮಡಕೆಯ ಗೋಡೆಯಿಂದ, ಅದರ ಮೂಲಕ ಒಳಗಿನ ನೀರಿನಿಂದ ಬರುತ್ತದೆ. ಶಾಖ ಕಳೆದುಕೊಂಡ ನೀರಿನ ತಾಪ ಇಳಿಯುತ್ತದೆ. ಇದರಲ್ಲಿ ಎರಡು ಕೊಂಡಿಗಳು ಮುಖ್ಯ. ನೀರು ಹೊರಮೈಗೆ ಬಂದು ಆವಿಯಾಗುವುದು ಒಂದು. ಆ ಆವಿಗೆ ಬೇಕಾದ ಶಾಖ ಒಳಗಿನ ನೀರಿನಿಂದ ಹೋಗುವುದು ಇನ್ನೊಂದು. ಎರಡು ಅಂಕಕ್ಕೆ ಎರಡು ಕೊಂಡಿ. ‘ಗುಪ್ತೋಷ್ಣ’ ಪದ ಬಂದರೂ ಬಾರದಿದ್ದರೂ ಅಂಕ ಬದಲಾಗುವುದಿಲ್ಲ.

ಎರಡನೇ ಕೊಂಡಿಯ ಹತ್ತಿರ ಸ್ವಲ್ಪ ನಿಲ್ಲೋಣ, ಏಕೆಂದರೆ ಹೆಚ್ಚಿನ ಉತ್ತರಗಳು ಮುರಿಯುವುದು ಅಲ್ಲೇ. ಗೈಡಿನ ಮಾತು ‘ಸುತ್ತಮುತ್ತಲಿನಿಂದ ಶಾಖವನ್ನು ಹೀರಿಕೊಳ್ಳುತ್ತದೆ’ ಎಂದು. ಇದು ತಪ್ಪಲ್ಲ. ಆದರೆ ‘ಸುತ್ತಮುತ್ತ’ ಅಂದರೆ ಮಗುವಿಗೆ ಏನು? ಹೊರಗಿನ ಗಾಳಿ, ಅಲ್ವಾ? ಶಾಖವೆಲ್ಲ ಹೊರಗಿನ ಗಾಳಿಯಿಂದಲೇ ಬಂದಿದ್ದರೆ ಒಳಗಿನ ನೀರು ತಣ್ಣಗಾಗಲು ಕಾರಣವೇ ಇರುತ್ತಿರಲಿಲ್ಲ. ಆವಿಯಾಗುವ ನೀರಿಗೆ ಅತಿ ಹತ್ತಿರದ ‘ಸುತ್ತಮುತ್ತ’ ಅಂದರೆ ಮಡಕೆ ಮತ್ತು ಅದರೊಳಗಿನ ನೀರು. ಈ ವಾಕ್ಯವನ್ನು ಓದುವ ನಮಗೆ ವಿಷಯ ಗೊತ್ತಿರುವುದರಿಂದ ಖಾಲಿ ಜಾಗವನ್ನು ನಾವೇ ತುಂಬಿಕೊಂಡು ಸರಿ ಎಂದು ಹಾಕಿಬಿಡುತ್ತೇವೆ. ಹಾಗೆ ಕೊಟ್ಟ ಅಂಕ ಮಗು ಬರೆದದ್ದಕ್ಕಲ್ಲ, ನಮಗೆ ಗೊತ್ತಿರುವುದಕ್ಕೆ. ನಾನು ‘ಸುತ್ತಮುತ್ತ’ ಅಂತಷ್ಟೇ ಇದ್ದರೆ ಅರ್ಧ ಅಂಕ ಕೊಟ್ಟು, ಪಕ್ಕದಲ್ಲಿ ‘ಯಾವುದರಿಂದ?’ ಎಂದು ಬರೆಯುತ್ತೇನೆ.

ಈ ಕೊಂಡಿಗೆ ಯಾಕೆ ಇಷ್ಟು ತೂಕ ಅನ್ನುವುದಕ್ಕೆ ಸಣ್ಣ ಲೆಕ್ಕ ಸಾಕು. ಕೋಣೆಯ ತಾಪದಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೂಲ್ ಬೇಕು. ಹತ್ತು ಲೀಟರಿನ ಮಡಕೆಯಿಂದ ನೂರು ಗ್ರಾಂ ಆವಿಯಾಯಿತು ಅನ್ನಿ. ಹೋದ ಶಾಖ 2,40,000 ಜೂಲ್. ಹತ್ತು ಕೆಜಿ ನೀರನ್ನು ಒಂದು ಡಿಗ್ರಿ ಇಳಿಸಲು 42,000 ಜೂಲ್ ತೆಗೆಯಬೇಕು. ಅಂದರೆ ಅಷ್ಟೂ ಶಾಖ ನೀರಿನಿಂದಲೇ ಹೋದರೆ ತಾಪ ಸುಮಾರು 5.7 ಡಿಗ್ರಿ ಇಳಿಯುತ್ತದೆ. ನೂರರಲ್ಲಿ ಒಂದು ಪಾಲು ನೀರು ಹೋದರೆ ಉಳಿದದ್ದೆಲ್ಲ ಅಷ್ಟು ತಣ್ಣಗೆ! ನಿಜದಲ್ಲಿ ಹೊರಗಿನ ಗಾಳಿಯಿಂದಲೂ ಶಾಖ ಒಳಗೆ ಬರುತ್ತಿರುತ್ತದೆ, ಹಾಗಾಗಿ ಇಳಿತ ಇದಕ್ಕಿಂತ ಕಡಿಮೆ. ಈ ಲೆಕ್ಕ ಮಕ್ಕಳಿಗಲ್ಲ, ಸ್ಕೀಮ್ ಬರೆಯುವವರಿಗೆ.

ಇನ್ನೊಂದು ಬಗೆಯ ಉತ್ತರವಿದೆ. ‘ಮಣ್ಣಿಗೆ ತಂಪು ಗುಣ ಇದೆ, ಅದಕ್ಕೆ ನೀರು ತಣ್ಣಗಿರುತ್ತದೆ.’ ಇಲ್ಲಿ ‘ಅದಕ್ಕೆ’ ಇದೆ, ಓದಲು ಕಾರಣ ಕೊಟ್ಟಂತೆಯೂ ಇದೆ. ಆದರೆ ಆಗುತ್ತಿರುವುದಕ್ಕೇ ‘ಗುಣ’ ಅಂತ ಹೆಸರಿಟ್ಟು ಅದನ್ನೇ ಕಾರಣ ಮಾಡಲಾಗಿದೆ. ‘ರಂಧ್ರಗಳಿಂದ ತಂಪು ಗಾಳಿ ಒಳಗೆ ಹೋಗುತ್ತದೆ’ ಎನ್ನುವುದು ಬೇರೆ ಜಾತಿಯ ತಪ್ಪು. ಅದರಲ್ಲಿ ನಡೆಯುವ ಒಂದು ಕ್ರಿಯೆ ಇದೆ, ಅದು ತಪ್ಪು ಕ್ರಿಯೆ ಅಷ್ಟೇ. ಎರಡಕ್ಕೂ ಅಂಕ ಇಲ್ಲ. ಆದರೆ ಮುಂದಿನ ದಿನ ಪಾಠ ಮಾಡುವಾಗ ಇವರಿಬ್ಬರಿಗೆ ಬೇಕಾಗುವುದು ಒಂದೇ ಅಲ್ಲ. ಎರಡನೆಯವನಿಗೆ ಒಂದು ಮರುಪ್ರಶ್ನೆ ಸಾಕಾಗಬಹುದು: ಮಧ್ಯಾಹ್ನ ಹೊರಗಿನ ಗಾಳಿ ಮಡಕೆ ನೀರಿಗಿಂತ ಬಿಸಿ ಇರುತ್ತಲ್ಲ, ಅದು ಒಳಗೆ ಹೋದರೆ ಏನಾಗಬೇಕು? ‘ಆದ್ದರಿಂದ’, ‘ಹಾಗಾಗಿ’ ಪದಗಳನ್ನು ಎಣಿಸಿ ಅಂಕ ಕೊಡುವುದೂ ಇದೇ ಕಾರಣಕ್ಕೆ ಉಪಯೋಗವಿಲ್ಲ. ಕಂಠಪಾಠದ ಉತ್ತರದಲ್ಲೂ ಅವು ಧಾರಾಳವಾಗಿ ಇರುತ್ತವೆ.

ಸ್ಕೀಮ್ ಎಷ್ಟೇ ಚೆನ್ನಾಗಿದ್ದರೂ ಒಂದು ತೊಂದರೆ ಉಳಿಯುತ್ತದೆ. ಕೊಂಡಿಗಳನ್ನೂ ಬಾಯಿಪಾಠ ಮಾಡಬಹುದು. ಪೂರ್ತಿ ಸರಪಳಿಯನ್ನು ಬೋರ್ಡಿನ ಮೇಲೆ ಬರೆಸಿದರೆ ಮುಂದಿನ ಟೆಸ್ಟಿನಲ್ಲಿ ಅದೇ ವಾಪಸ್ ಬರುತ್ತದೆ, ಅಕ್ಷರ ತಪ್ಪದೆ. ಆಗ ಪ್ರಶ್ನೆಯನ್ನೇ ಬದಲಿಸಬೇಕು. ಒಣ ಹವೆಯಲ್ಲಿ ಏರ್ ಕೂಲರ್ ಯಾಕೆ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಕೇಳಬಹುದು, ಆದರೆ ಅದೂ ಪುಸ್ತಕದಲ್ಲೇ ಇದೆ, ಗೈಡಿನಲ್ಲೂ ಇದೆ. ಪುಸ್ತಕದಲ್ಲಿರುವ ಪ್ರಶ್ನೆ ನೋಡಲು ಎಷ್ಟೇ ‘ಅನ್ವಯ’ದಂತಿದ್ದರೂ ಮಗುವಿನ ಪಾಲಿಗೆ ಅದು ನೆನಪಿನ ಪ್ರಶ್ನೆಯೇ.

ನನಗೆ ಜಾಸ್ತಿ ಕೆಲಸಕ್ಕೆ ಬಂದದ್ದು ಇದು: ‘ಸ್ಟೀಲ್ ಬಿಂದಿಗೆ ತುಂಬ ನೀರಿದೆ. ಅದಕ್ಕೆ ಒದ್ದೆ ಗೋಣಿಚೀಲ ಸುತ್ತಿ ಗಾಳಿಯಾಡುವ ನೆರಳಲ್ಲಿ ಇಟ್ಟಿದ್ದಾರೆ. ಗೋಣಿ ಒಣಗಿದ ಹಾಗೆ ಮತ್ತೆ ನೆನೆಸುತ್ತಾರೆ. ಒಳಗಿನ ನೀರು ತಣ್ಣಗಾಗುತ್ತದೆಯೇ? ಏಕೆ?’ ಇಲ್ಲಿ ರಂಧ್ರವೇ ಇಲ್ಲ. ಆದರೆ ಆವಿಯಾಗುವುದಿದೆ, ಶಾಖ ಹೋಗುವ ದಾರಿಯೂ ಇದೆ. ರಂಧ್ರ ಯಾವ ಕೆಲಸಕ್ಕೆ ಬೇಕಿತ್ತು ಎಂದು ತಿಳಿದವರು, ಆ ಕೆಲಸವನ್ನು ಇಲ್ಲಿ ಗೋಣಿ ಮಾಡುತ್ತಿದೆ ಎಂದು ಹಿಡಿಯುತ್ತಾರೆ. ‘ಆಗುತ್ತದೆ’ ಅಥವಾ ‘ಆಗುವುದಿಲ್ಲ’ ಎನ್ನುವುದಕ್ಕೆ ಮಾತ್ರ ಅಂಕ ಇಡಬೇಡಿ. ಅದು ನಾಣ್ಯ ಚಿಮ್ಮಿದರೂ ಅರ್ಧ ಸಲ ಸರಿಯಾಗುತ್ತದೆ.

ಇದಕ್ಕೆ ಬರುವ ಉತ್ತರಗಳೇ ಮಜಾ. ‘ತಣ್ಣಗಾಗುವುದಿಲ್ಲ. ಸ್ಟೀಲಿಗೆ ರಂಧ್ರ ಇಲ್ಲ, ಒಳಗಿನ ನೀರು ಹೊರಗೆ ಬರಲ್ಲ, ಬರದಿದ್ದರೆ ಆವಿಯಾಗಲ್ಲ.’ ತೀರ್ಮಾನ ತಪ್ಪು. ಆದರೂ ನಾನು ಇದಕ್ಕೆ ಒಂದು ಅಂಕ ಕೊಡುತ್ತೇನೆ. ರಂಧ್ರದಿಂದ ಆವಿಯವರೆಗಿನ ಕೊಂಡಿ ಗಟ್ಟಿಯಾಗಿದೆ. ಗೋಣಿಯ ನೀರೂ ಶಾಖ ಎಳೆಯುತ್ತದೆ ಎನ್ನುವುದು ಮಾತ್ರ ಹೊಳೆದಿಲ್ಲ. ಇನ್ನೊಂದು: ‘ತಣ್ಣಗಾಗುತ್ತದೆ. ಗೋಣಿ ಒದ್ದೆ ಇರುವುದರಿಂದ ತಂಪಾಗಿರುತ್ತದೆ, ಆ ತಂಪು ಬಿಂದಿಗೆಯೊಳಗೆ ಹೋಗುತ್ತದೆ.’ ತೀರ್ಮಾನ ಸರಿ, ಅಂಕ ಸೊನ್ನೆ. ಒದ್ದೆ ಗೋಣಿ ಯಾಕೆ ತಂಪು ಎನ್ನುವುದೇ ಪ್ರಶ್ನೆಯಾಗಿತ್ತು. ತಪ್ಪು ಉತ್ತರಕ್ಕೆ ಒಂದು, ಸರಿ ಉತ್ತರಕ್ಕೆ ಸೊನ್ನೆ! ಮಕ್ಕಳಿಗೆ ಮೊದಲೇ ಹೇಳಿರದಿದ್ದರೆ ಜಗಳ ಗ್ಯಾರಂಟಿ. ಪ್ರಶ್ನೆಯ ಕೆಳಗೇ ‘ಕಾರಣಕ್ಕೆ ಮಾತ್ರ ಅಂಕ’ ಎಂದು ಬರೆದುಬಿಡಿ.

ಮಡಕೆಯನ್ನೇ ಉಳಿಸಿಕೊಂಡು ಊರು ಬದಲಿಸಿದರೂ ಆಗುತ್ತದೆ. ಒಂದೇ ತರದ ಮಡಕೆ ಏಪ್ರಿಲ್‌ನಲ್ಲಿ ಕಲಬುರಗಿಯಲ್ಲೂ ಮಂಗಳೂರಿನಲ್ಲೂ ಇದೆ. ಕಲಬುರಗಿಯಲ್ಲಿ ಬಿಸಿಲು ಹೆಚ್ಚು, ಆದರೂ ಅಲ್ಲಿ ಮಡಕೆ ನೀರು ಹೊರಗಿನ ಗಾಳಿಗಿಂತ ಜಾಸ್ತಿ ತಣ್ಣಗಿರುತ್ತದೆ. ಏಕೆ? ಕಡಲ ಹತ್ತಿರದ ಗಾಳಿಯಲ್ಲಿ ಆಗಲೇ ತೇವ ತುಂಬಿದೆ, ಹೊರಮೈಯ ನೀರು ನಿಧಾನ ಆವಿಯಾಗುತ್ತದೆ, ಹೋಗುವ ಶಾಖವೂ ಕಡಿಮೆ. ‘ಮಂಗಳೂರಿನಲ್ಲಿ ತೇವ ಜಾಸ್ತಿ’ ಎಂದು ನಿಲ್ಲಿಸಿದರೆ ಅದು ಒಂದು ಸಂಗತಿ ಅಷ್ಟೇ. ಅಲ್ಲಿಂದ ನೀರಿನ ತಾಪದವರೆಗೆ ಹೋಗಬೇಕು.

ಸಹೋದ್ಯೋಗಿಗಳ ಜೊತೆ ಈ ರೀತಿ ತಿದ್ದುವಾಗ ಮೊದಲು ಐದಾರು ಉತ್ತರಗಳನ್ನು ಬೇರೆ ಬೇರೆಯಾಗಿ ತಿದ್ದಿ, ಆಮೇಲೆ ಹೋಲಿಸಿ. ಅಂಕ ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಹೆಚ್ಚಾಗಿ ಒಬ್ಬರು ಖಾಲಿ ಕೊಂಡಿಯನ್ನು ಮನಸ್ಸಿನಲ್ಲೇ ತುಂಬಿರುತ್ತಾರೆ. ಆ ಸಾಲನ್ನು ಸ್ಕೀಮಿನಲ್ಲಿ ಉದಾಹರಣೆಯಾಗಿ ಸೇರಿಸಿ: ‘ಹೀಗೆ ಬರೆದರೆ ಅರ್ಧ’. ಕಾಗುಣಿತ, ಆಡುಮಾತು, ಮನೆಮಾತಿನ ಛಾಯೆ ಇವಕ್ಕೆ ಈ ಪ್ರಶ್ನೆಯಲ್ಲಿ ಅಂಕ ಕತ್ತರಿಸಬೇಡಿ. ಚೆಂದದ ಗ್ರಾಂಥಿಕ ವಾಕ್ಯ ಕಂಡಾಗ ನಮ್ಮ ಕೈ ತಾನಾಗಿ ಸಡಿಲವಾಗುತ್ತದೆ, ಅದನ್ನೂ ಗಮನಿಸಿ.

ಪಬ್ಲಿಕ್ ಪರೀಕ್ಷೆಯ ಮೌಲ್ಯಮಾಪನದಲ್ಲಿ ಇದು ನಡೆಯುವುದಿಲ್ಲ. ಅಲ್ಲಿ ಕೊಟ್ಟಿರುವ ಮಾದರಿ ಉತ್ತರಕ್ಕೇ ಬದ್ಧರಾಗಿರಬೇಕು. ಇದು ಕಿರುಪರೀಕ್ಷೆ, ಘಟಕ ಪರೀಕ್ಷೆಗಳ ಮಾತು. ಎಲ್ಲ ಪ್ರಶ್ನೆಗೂ ಬೇಕಿಲ್ಲ. ನೀರಿನ ಕುದಿಬಿಂದು ಎಷ್ಟು ಎಂದು ಕೇಳಿದರೆ ನೆನಪಿದ್ದರೆ ಸಾಕು. ಮೂರೇ ಸಾಲಿಗೆ ಜಾಗ ಕೊಟ್ಟು ಐದು ಕೊಂಡಿ ನಿರೀಕ್ಷಿಸುವುದೂ ನ್ಯಾಯವಲ್ಲ. ಜಾಗ ಕಡಿಮೆ ಇದ್ದರೆ ‘ಶಾಖ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಬರೆಯಿರಿ’ ಎಂದು ಪ್ರಶ್ನೆಯಲ್ಲೇ ಸೇರಿಸಿ. ಉತ್ತರ ಬಿಟ್ಟುಕೊಟ್ಟ ಹಾಗಾಗುತ್ತದೆ ಅಂತ ಕೆಲವರು ಹೇಳುತ್ತಾರೆ. ಹಾಗೆ ಕೇಳಿದ ಮೇಲೂ ‘ಗಾಳಿಯಿಂದ ಮಡಕೆಗೆ’ ಎಂದು ಬರೆಯುವವರು ಪ್ರತಿ ತರಗತಿಯಲ್ಲೂ ಸಿಗುತ್ತಾರೆ.